ಮಿತಿ ಮೇಷ್ಟ್ರು ಮತ್ತು ಅರ್ಧ ವೃತ್ತ

ನಮ್ಮ ಕಾಲೇಜಿನ ಗಣಿತದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಮಿತಿ ಮೇಷ್ಟ್ರು. ಮೊದಲು ಚಿತ್ರ ಬರಿ, ಎರಡು ವಕ್ರರೇಖೆಗಳು ಎಲ್ಲಿ ಸೇರುತ್ತವೆ ನೋಡು, ಲೆಕ್ಕ ಎಲ್ಲಿಂದ ಎಲ್ಲಿವರೆಗೆ ಅನ್ನೋ ಮಿತಿಯನ್ನ ಅಲ್ಲಿಂದ ತಗೋ. ಇಪ್ಪತ್ತಾರು ವರ್ಷದಿಂದ ಇದೇ ಮಂತ್ರ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಈ ಸಲದ ಪರೀಕ್ಷೆಯಲ್ಲಿ ಅವರ ಪ್ರೀತಿಯ ಲೆಕ್ಕವೇ ಬಂದಿತ್ತು: r = 1 ವೃತ್ತದ ಒಳಗೆ, ಆದರೆ r = 1 − cos θ ಎಂಬ ಹೃದಯದಾಕಾರದ ಕಾರ್ಡಿಯಾಯ್ಡಿನ ಹೊರಗೆ ಇರುವ ವಿಸ್ತೀರ್ಣ ಎಷ್ಟು? ಐದು ಅಂಕ.

ಮೌಲ್ಯಮಾಪನದ ಹಾಲ್‌ನಲ್ಲಿ ಕೀ ಉತ್ತರ ಕೈಗೆ ಬಂತು: π/2. ಮೇಷ್ಟ್ರು ಹೌಹಾರಿದರು. ಕೀ ಬರೆದ ಪುಣ್ಯಾತ್ಮ ಎರಡನ್ನೂ ಸೊನ್ನೆಯಿಂದ 2πವರೆಗೆ ಇಡಿಯಾಗಿ ತೆಗೆದುಕೊಂಡಿದ್ದ. ವೃತ್ತ π, ಹೃದಯ 3π/2, ಕಳೆದರೆ ಮೈನಸ್ π/2. ವಿಸ್ತೀರ್ಣ ಸೊನ್ನೆಗಿಂತ ಕೆಳಗಿಳಿಯಿತಲ್ಲ ಎಂದು ಬೆಚ್ಚುವ ಬದಲು ಮೈನಸ್ಸನ್ನು ಒರೆಸಿಬಿಟ್ಟಿದ್ದ! ಈ ಕೀ ಪ್ರಕಾರ ಸರಿಯಾಗಿ ಮಾಡಿದ ಮಕ್ಕಳಿಗೆಲ್ಲ ಸೊನ್ನೆ.

ಮೇಷ್ಟ್ರು ಮುಖ್ಯ ಪರೀಕ್ಷಕರ ಮೇಜಿಗೆ ಹೋದರು. ನಾನೂ ಹಿಂದೆಯೇ ಹೋದೆ, ತಮಾಷೆ ಬಿಡುವುದುಂಟೇ?

"ಸಾರ್, cos θ ಸೊನ್ನೆ ಆಗೋ ಕಡೆ ಎರಡೂ ಸೇರ್ತವೆ. ಮಿತಿ ಮೈನಸ್ π/2ರಿಂದ π/2. ಉತ್ತರ 2 − π/4."

"ಕೀ ಅಂದ್ರೆ ಕೀ ರೀ. ಕಮಿಟಿ ಮಾಡಿದ್ದು."

ಮೇಷ್ಟ್ರು ಮೇಜಿನ ಮೇಲಿದ್ದ ತಟ್ಟೆಯಿಂದ ದುಂಡು ಬಿಸ್ಕತ್ತು ತೆಗೆದು ಅರ್ಧಕ್ಕೆ ಮುರಿದರು. "ಇದು ವೃತ್ತದ ಬಲಭಾಗ, ಪೂರ್ತಿ π/2. ಎಡಭಾಗ ಪೂರಾ ಹೃದಯದ ಒಳಗೇ ಹೋಯ್ತು. ಇದ್ರಲ್ಲೂ ಹೃದಯ ಮೇಲೊಂದು ಕೆಳಗೊಂದು ತುಣುಕು ತಿಂದಿದೆ." ಎರಡು ಕಡೆ ಕಚ್ಚಿ ಉಳಿದದ್ದನ್ನು ಅವರ ಮುಂದೆ ಇಟ್ಟರು. "ತಿಂದ ಮೇಲೂ ಪೂರ್ತಿ ಅರ್ಧ ಉಳೀತಾ ಸಾರ್?"

ಮುಖ್ಯ ಪರೀಕ್ಷಕರು ಬಿಸ್ಕತ್ತನ್ನು ನೋಡಿದರು, ಕೀಯನ್ನು ನೋಡಿದರು, ಫೋನಿನಲ್ಲಿ ಮೂರು ಜನ ದೊಡ್ಡವರ ಜೊತೆ ಗುಸುಗುಸು ಮಾಡಿದರು. ಸಂಜೆಯೊಳಗೆ ತೀರ್ಪು ಬಂತು: ಎರಡು ಉತ್ತರಕ್ಕೂ ಪೂರ್ತಿ ಅಂಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು!

"ಎರಡೂ ಸರಿ ಅಂತ ನೀವು ಸಹಿ ಹಾಕಿದ್ರೆ ಇದು. ಇಲ್ದಿದ್ರೆ ಹಳೇ ಕೀನೇ," ಎಂದರು ಮುಖ್ಯ ಪರೀಕ್ಷಕರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಸರಿ ಬರೆದವರಾದರೂ ಉಳಿಯಲಿ ಎಂದು ಸಹಿ ಹಾಕಿದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅವರ ಜಾಗದಲ್ಲಿದ್ದರೆ ನಾನೂ ಹಾಕುತ್ತಿದ್ದೆ ಅನ್ನುವುದು ಬೇರೆ ಮಾತು.

ಫಲಿತಾಂಶ ಬಂದ ಮರುದಿನ ಅವರ ಅಚ್ಚುಮೆಚ್ಚಿನ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. ಮೊದಲ ಸ್ಥಾನ ಎರಡು ಅಂಕದಲ್ಲಿ ತಪ್ಪಿತ್ತು.

"ಚಿತ್ರ ಬರೆದು, ಮಿತಿ ಹುಡುಕಿ ಮಾಡೋಷ್ಟರಲ್ಲಿ ಕೊನೇ ಪ್ರಶ್ನೆಗೆ ಟೈಮೇ ಉಳೀಲಿಲ್ಲ ಸಾರ್. ಮೈನಸ್ ಒರೆಸಿದವರು ಎರಡು ಪ್ರಶ್ನೆನೂ ಮುಗಿಸಿದ್ರು."

"ನೀನು ಮಾಡಿದ್ದೇ ಸರಿ ಕಣಮ್ಮ," ಎಂದರು ಮೇಷ್ಟ್ರು, ತಲೆ ಎತ್ತದೆ.

"ಗೊತ್ತು ಸಾರ್. ಅವ್ರಿಗೂ ಅದನ್ನೇ ಹೇಳಿದ್ದೀರಂತಲ್ಲ, ಸಹಿ ಹಾಕಿ."