ಮೂವತ್ತೊಂದು ಮೂವತ್ತೇಳು

ರೂಪಾಯಿ ಬೀಳುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ. ಶಿರಸಿಯಲ್ಲಿ ಈಗ ಹಾಗೆ ಹೇಳುವವರನ್ನು ನಾನು ನಂಬುವುದಿಲ್ಲ. ನನಗೂ ಗೊತ್ತಿತ್ತೆಂದು ನನ್ನ ನೆನಪು ಆಗಾಗ ಹೇಳುತ್ತದೆ. ಅದನ್ನೂ ನಂಬುವುದಿಲ್ಲ.

ತೊಂಬತ್ತೈದರಲ್ಲಿ ನಾನು ಶಿರಸಿಯ ಒಂದು ಕಾಳುಮೆಣಸಿನ ರಫ್ತು ಅಂಗಡಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಡಾಲರಿಗೆ ಮೂವತ್ತೊಂದು ರೂಪಾಯಿ ಮೂವತ್ತೇಳು ಪೈಸೆ. ಎರಡು ವರ್ಷಕ್ಕೂ ಮೇಲೆ ಅದೇ ಅಂಕಿ. ಸರ್ಕಾರ ಅದನ್ನು ಗೂಟಕ್ಕೆ ಕಟ್ಟಿದ್ದೇನೆಂದು ಎಲ್ಲೂ ಹೇಳಿರಲಿಲ್ಲ, ಆದರೆ ಕಟ್ಟಿತ್ತು.

ನಮ್ಮಲ್ಲೊಂದು ರೂಢಿ. ಬೆಳೆಗಾರರು ಮೆಣಸು ತೂಗಿಸಿ ಗೋದಾಮಿನಲ್ಲಿ ಬಿಟ್ಟು ತೂಕದ ಚೀಟಿ ಒಯ್ಯುತ್ತಾರೆ. ಚೀಟಿಯಲ್ಲಿ ದರ ಇರುವುದಿಲ್ಲ. ತಮಗೆ ಬೇಕೆನಿಸಿದ ದಿನ ಬಂದು ಅಂದಿನ ದರ ಬರೆಸಿ ದುಡ್ಡು ಪಡೆಯುತ್ತಾರೆ. ಆ ವರ್ಷ ಯಜಮಾನರು ಡಾಲರಿನಲ್ಲಿ ದರ ನಿಗದಿ ಮಾಡಿಕೊಂಡು ರಫ್ತಿನ ಒಪ್ಪಂದ ಮಾಡಿದ್ದರು. ಮೆಣಸು ಕೊಳ್ಳಲೆಂದು ಬ್ಯಾಂಕಿನಿಂದ ಕಡಿಮೆ ಬಡ್ಡಿಯ ಡಾಲರ್ ಸಾಲ ಎತ್ತಿ, ರೂಪಾಯಿ ಮಾಡಿಸಿದರು. ಆದರೆ ಮೆಣಸು ಆಗಲೇ ಗೋದಾಮಿನಲ್ಲಿತ್ತಲ್ಲ, ಬೆಳೆಗಾರರು ಇನ್ನೂ ದುಡ್ಡು ಕೇಳಿರಲಿಲ್ಲ. ರೂಪಾಯಿಯನ್ನು ಎರಡು ಪಟ್ಟಿಗೂ ಮಿಕ್ಕಿ ಬಡ್ಡಿ ಕೊಡುವ ಹುಬ್ಬಳ್ಳಿಯ ಫೈನಾನ್ಸಿನಲ್ಲಿ ಇಟ್ಟರು.

"ಮಾವ, ಮೆಣಸು ಇನ್ನೂ ನಮ್ಮದಲ್ಲ. ಬೆಳೆಗಾರರನ್ನ ಕರ್ಸಿ ಈ ದುಡ್ಡಲ್ಲಿ ಈಗ್ಲೇ ದರ ಕಟ್ಟಿ ತಗಂಡುಬಿಡನ," ಎಂದೆ. ಯಜಮಾನರನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ.

"ತಗಂಡ್ರೆ ಬಡ್ಡಿ ಎಲ್ಲಿಂದ ಬತ್ತು? ತಮಾ, ಡಾಲರು ಒಂದು ಪೈಸೆ ಅಲ್ಲಾಡಿದ್ದಿಲ್ಲೆ. ಅದ್ರ ಹಿಂದೆ ಸರ್ಕಾರ ನಿಂತಿದ್ದು."

ಅವರನ್ನು ಆಗ ಬಲವಾಗಿ ತಡೆದೆನೆಂದು ಬರೆಯಲು ಕೈ ಹೋಗುತ್ತದೆ. ಒಮ್ಮೆ ಹೇಳಿ ಸುಮ್ಮನಾದೆ, ಅಷ್ಟೆ. ಕಾಗದ ಕೊಡಲು ಹುಬ್ಬಳ್ಳಿಗೆ ಹೋದಾಗ ಈ ದರ ಎಷ್ಟು ದಿನ ನಿಲ್ಲುತ್ತದೆಂದು ಬ್ಯಾಂಕಿನಲ್ಲಿ ವಿದೇಶಿ ವಿನಿಮಯ ನೋಡುವ ಅಧಿಕಾರಿಯನ್ನು ಕೇಳಿದೆ.

"ನಿಮ್ಮ ಸೊಸೈಟಿ ಅಡಿಕಿ ದರ ಬೀಳಬಾರ್ದು ಅಂತ ತಾನೇ ಕೊಳ್ತದಲ್ರಿ, ಎಲ್ಲಿ ತನಕ?" ಎಂದರು ಅವರು.

"ದುಡ್ಡು ಇರೋ ತನಕ."

"ಇಲ್ಲೂ ಹಂಗ. ರೂಪಾಯಿ ಬೀಳಬಾರ್ದು ಅಂದ್ರ ಡಾಲರ್ ಮಾರಬೇಕು. ಡಾಲರನ್ನ ನಾವು ಅಚ್ಚು ಹಾಕಂಗಿಲ್ಲ."

ಅವರು ಟೇಬಲ್ಲಿನ ಮೇಲೆ ಬೆರಳಿನಲ್ಲಿ ಗೀಚುತ್ತ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ದರ ಜಾರಿದರೆ ಎಣ್ಣೆ, ಗೊಬ್ಬರ, ಹೊರದೇಶದ ಸಾಲ ಎಲ್ಲವೂ ದುಬಾರಿ. ಅದಕ್ಕೇ ಸರ್ಕಾರ ಕಾಯುತ್ತದೆ. ಡಾಲರುಗಳು ನುಗ್ಗಿ ಬಂದಾಗ ತಾನೇ ಕೊಂಡು ದರ ಹಿಡಿದಿತ್ತು, ಹೊರಡುವಾಗ ಮಾರಬೇಕು. ರೂಪಾಯಿ ಸಾಲ ಮಾಡಿ ಡಾಲರ್ ಕೊಳ್ಳುವವರನ್ನು ತಡೆಯಲು ಬಡ್ಡಿ ಏರಿಸಬೇಕು, ಆದರೆ ಆ ಬಡ್ಡಿ ಊರಿನ ವ್ಯಾಪಾರವನ್ನೂ ಹಿಂಡುತ್ತದೆ. ಹಿಂಡುವುದು ಎಷ್ಟು ದಿನ ಸಾಧ್ಯ ಎಂಬ ಅನುಮಾನ ಹುಟ್ಟಿದರೆ ಸಾಕು, ಬಡ್ಡಿಯ ಆಸೆಗೆ ಬಂದವರೆಲ್ಲ ರೂಪಾಯಿ ಬಿಟ್ಟು ಹೊರಹೋಗಲು ಒಂದೇ ಬಾಗಿಲಿಗೆ ಓಡುತ್ತಾರೆ.

"ನಿಮ್ಮ ಯಜಮಾನ್ರಿಗೆ ಬರೋ ಹೆಚ್ಚಿನ ಬಡ್ಡಿ ಐತಲ್ರಿ, ಅದು ಆ ಬಾಗಿಲಾಗ ನಿಂತಿದ್ದಕ್ಕ ಕೂಲಿ," ಎಂದರು.

ಮಳೆಗಾಲ ಹೋಗುತ್ತಿದ್ದಂತೆ ಗೂಟ ಕಿತ್ತುಬಂತು. ಡಾಲರು ಮೂವತ್ತೈದರ ಹತ್ತಿರ ಬಂತು. ಹೊರದೇಶಕ್ಕೆ ಹೋಗುವ ಮೆಣಸಿನ ರೂಪಾಯಿ ದರವೂ ಅದರ ಹಿಂದೆಯೇ ಏರಿತು. ಬೆಳೆಗಾರರು ಪತ್ರಿಕೆ ಓದುತ್ತಾರೆ. ಒಂದೇ ವಾರದಲ್ಲಿ ಎಲ್ಲರೂ ಚೀಟಿ ಹಿಡಿದು ಬಂದರು. ರಫ್ತಿನಿಂದ ಬರುವ ಡಾಲರು ಬ್ಯಾಂಕಿನ ಡಾಲರ್ ಸಾಲಕ್ಕೆ ಸರಿಹೋಗುತ್ತಿತ್ತು. ಬೆಳೆಗಾರರಿಗೆ ಕೊಡಲು ಉಳಿದದ್ದು ಹಳೆಯ ದರದಲ್ಲಿ ರೂಪಾಯಿ ಮಾಡಿದ ದುಡ್ಡು ಮತ್ತು ಕೆಲವು ತಿಂಗಳ ಬಡ್ಡಿ. ಹೊಸ ದರಕ್ಕೆ ಅದು ಸಾಕಾಗುತ್ತಿರಲಿಲ್ಲ.

ಮೊದಲು ಒಳಗೆ ಬಂದವಳು ನಂದೊಳ್ಳಿಯ ಒಬ್ಬ ಹೆಂಗಸು, ನಾಲ್ಕು ಚೀಲ ಬಿಟ್ಟವಳು. ಯಜಮಾನರು ನನ್ನ ಕಿವಿಯ ಬಳಿ ಬಗ್ಗಿ, "ಆಗಸ್ಟಲ್ಲೇ ದರ ಕಟ್ಟಿದ್ದು ಹೇಳಿ ಹಳೇ ತಾರೀಖು ಹಾಕು," ಎಂದರು.

ಸರ್ಕಾರದ ಹಾಗೆ ಅವರೂ ಒಂದು ದರವನ್ನು ಕಾಯುತ್ತಿದ್ದರು, ಬೇರೆಯವರ ಮೆಣಸಿನಿಂದ.

"ಆನು ಬರಿತ್ನಿಲ್ಲೆ," ಎಂದೆ.

"ನಿಂಗೆ ಸಂಬಳ ಕೊಡದು ಯಾರು?"

"ನೀವೇ. ಆದ್ರೂ ಬರಿತ್ನಿಲ್ಲೆ."

ಆ ಹೆಂಗಸಿಗೆ ಎಷ್ಟು ಕೇಳಿಸಿತೋ. ಚೀಟಿಯನ್ನು ಮೇಜಿನ ಮೇಲೆ ಇಟ್ಟು ಅದರ ಮೇಲೆ ಅಂಗೈ ಇಟ್ಟಳು. "ಇವತ್ತಿನ ತಾರೀಖು ಹಾಕ್ರಿ ತಮ್ಮಾ. ನಿನ್ನೆದು ಬ್ಯಾಡ, ನಾಳಿದು ಬ್ಯಾಡ," ಎಂದಳು. "ನಾನೂ ಕೂತೇ ಕಾದೀನಿ. ಸರ್ಕಾರ ಕಾದಷ್ಟೇ."

ನಾನು ಆಗಲೇ ಪೆನ್ನೆತ್ತಿದ್ದೆನೆಂದು ಒಂದು ನೆನಪು. ಯಜಮಾನರು ಗೋಡೆಯ ಕಡೆ ತಿರುಗಿ "ಬರಿ" ಎಂದ ಮೇಲೆ ಎತ್ತಿದೆನೆಂದು ಇನ್ನೊಂದು. ಮೊದಲನೆಯದರಲ್ಲಿ ನಾನು ದೊಡ್ಡವನಾಗಿ ಕಾಣುತ್ತೇನೆ, ಆದ್ದರಿಂದ ಅದರ ಮೇಲೆ ನನಗೆ ಹೆಚ್ಚು ಅನುಮಾನ. ಬರೆದದ್ದಂತೂ ಅಂದಿನ ತಾರೀಖು, ಅಂದಿನ ದರ. ಅವಳ ಹಿಂದೆ ನಿಂತಿದ್ದವರ ಚೀಟಿಗಳಲ್ಲೂ ಅದನ್ನೇ ಬರೆದೆ.

ಯಜಮಾನರು ಹುಬ್ಬಳ್ಳಿಯ ಠೇವಣಿಯನ್ನು ಅವಧಿಗೆ ಮುಂಚೆ ಮುರಿದು, ಬಡ್ಡಿ ಕಳೆದುಕೊಂಡು, ಜೀಪನ್ನೂ ಮಾರಿ ಎಲ್ಲರಿಗೂ ಕೊಟ್ಟರು. ಮುಂದಿನ ತಿಂಗಳಿನಿಂದ ನನಗೆ ಅಲ್ಲಿ ಕೆಲಸವಿರಲಿಲ್ಲ. ಹೊರಡುವ ದಿನ, "ನೀ ಸುಮ್ನಿದ್ರೆ ಎಲ್ಲ ಸರಿಯಾಗ್ತಿತ್ತು," ಎಂದರು.

"ಇಲ್ಲೆ ಮಾವ," ಎಂದೆ. ಈ ಮಾತು ಮಾತ್ರ ನಾನು ಆಡಿದ್ದೇ. ಈಗ ಕೇಳಿದರೂ ಅದನ್ನೇ ಆಡುತ್ತೇನೆ.