ಆರು ಸಲ ಒತ್ತಿದ ಎಂಟರ್

ಲಂಡನ್ನಿನ ಹೌನ್ಸ್ಲೋದ ಗೋದಾಮಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ. ಹತ್ತನೇ ತರಗತಿಗೆ ಓದು ಬಿಟ್ಟ ನನಗೆ ಅಲ್ಲಿ ಕೇಬಲ್ ಎಳೆಯುವ ಕೆಲಸ ಕೊಡಿಸಿದವಳೂ ಅವಳೇ.

ಆ ಮಧ್ಯಾಹ್ನ ಅವಳು, ಗೋದಾಮಿನ ಯಂತ್ರಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗೆ ಲಾಗಿನ್ ಆಗಿದ್ದ ಲ್ಯಾಪ್‌ಟಾಪನ್ನು, ಕೇಬಲ್ ಪಟ್ಟಿ ನೋಡಿಕೋ ಎಂದು ನನ್ನ ಮುಂದಿಟ್ಟು ಮೀಟಿಂಗಿಗೆ ಹೊರಟಳು.

"ಸ್ಕ್ರೀನ್ ಮೇಲಿರೋ ಆ ಕಿಟಕಿ ಮುಟ್ಬೇಡ ಕಣೋ. ಹತ್ತು ನಿಮಿಷ ಸುಮ್ನಿದ್ರೆ ತಾನೇ ಲಾಗೌಟ್ ಆಗತ್ತೆ."

ಆಗಲು ನಾನು ಬಿಡಲಿಲ್ಲ. ಎಂಟೆಂಟು ನಿಮಿಷಕ್ಕೊಮ್ಮೆ ಎಂಟರ್ ಒತ್ತಿದೆ. ಹಿಂದಿನ ವಾರ ಪಾಸ್‌ವರ್ಡ್ ತಪ್ಪಿ ನನ್ನ ಖಾತೆಗೆ ಬೀಗ ಬಿದ್ದಾಗ ಅವಳು ಎಲ್ಲರೆದುರು ನಕ್ಕಿದ್ದಳು. ಮತ್ತೆ ಬೀಗ ಬಿದ್ದರೆ ಅವಳ ಕಿಟಕಿಯಲ್ಲೇ ಕೆಲಸ ಮುಗಿಸಬೇಕು, ಅವಳನ್ನು ಕೇಳಬಾರದು ಎಂಬ ಹಟ.

ಅಷ್ಟರಲ್ಲಿ ಲೇಬಲ್ ಪ್ರಿಂಟರ್ ನಿಂತಿತು. ಸ್ವಿಚ್‌ನಲ್ಲಿ ಅದರ ಕೇಬಲ್ ಸೇರುವ ಪೋರ್ಟನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ನನ್ನ ಖಾತೆಗೂ ಅಷ್ಟು ಅನುಮತಿಯಿತ್ತು. ನನ್ನ ಹೆಸರಲ್ಲಿ ಲಾಗಿನ್ ಆಗಲು ಬೇರೆ ಕಿಟಕಿ ತೆರೆದೆ. 'ಅನುಮತಿ ಇದ್ದವರಿಗೆ ಮಾತ್ರ, ಇಲ್ಲಿ ಮಾಡಿದ್ದೆಲ್ಲ ದಾಖಲಾಗುತ್ತದೆ' ಎಂಬ ಎಚ್ಚರಿಕೆ ಎಂದಿನಂತೆ ಮೂಡಿತು. ದಿನಾ ಕಾಣುವುದನ್ನು ಯಾರು ಓದುತ್ತಾರೆ? ಮೂರು ಸಲ ಪಾಸ್‌ವರ್ಡ್ ತಪ್ಪಾಗಿ ಹೊಡೆದೆ. ಹದಿನೈದು ನಿಮಿಷ ಬೀಗ.

ಅಕ್ಕನ ಕಿಟಕಿಗೆ ಹೋದೆ. ಪೋರ್ಟ್ ಸಂಖ್ಯೆ ತಪ್ಪಾಗಿ ಹೊಡೆದು, ಪ್ಯಾಕಿಂಗ್ ವಿಭಾಗದ ಸ್ವಿಚ್‌ಗೆ ಹೋಗುವ ಪೋರ್ಟನ್ನೇ ಆಫ್ ಮಾಡಿಬಿಟ್ಟೆ. ನನ್ನ ಖಾತೆಯಾಗಿದ್ದರೆ ಅದು ಒಪ್ಪುತ್ತಲೇ ಇರಲಿಲ್ಲ. ಸ್ಕ್ಯಾನರ್‌ಗಳೆಲ್ಲ ಸತ್ತವು. ತಪ್ಪಿದ್ದೆಲ್ಲಿ ಎಂದು ಪಟ್ಟಿಯಲ್ಲಿ ಹುಡುಕತೊಡಗಿದೆ. ಅಕ್ಕ ಓಡಿಬಂದು ಪೋರ್ಟ್ ಆನ್ ಮಾಡಿದಳು.

ಯಾರು, ಯಾವಾಗ, ಯಾವ ಆಜ್ಞೆ ಕೊಟ್ಟರು ಎಂಬುದೆಲ್ಲ ಬೇರೊಂದು ಸರ್ವರಿನಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಪೋರ್ಟ್ ಆಫ್ ಮಾಡಿದ ಸಾಲಿನಲ್ಲೂ ಅಕ್ಕನ ಹೆಸರೇ.

"ನಾನೇ ಮಾಡ್ದೆ ಅಂತ ಮ್ಯಾನೇಜರ್‌ಗೆ ಹೇಳ್ಬಿಟ್ಟೆ. ನಿಂದಿನ್ನೂ ಪ್ರೊಬೇಷನ್ನು. ಬಾಯ್ಮುಚ್ಕೊಂಡಿರು," ಎಂದಳು ಅಕ್ಕ.

ಎರಡು ದಿನ ಮುಚ್ಚಿಕೊಂಡೇ ಇದ್ದೆ. ಅದೇ ನನ್ನ ದೊಡ್ಡ ತಪ್ಪು. ಮೂರನೆಯ ದಿನ ಅವಳಿಂದ ಸ್ವಿಚ್‌ಗಳ ಹೊಣೆ ಕಿತ್ತುಕೊಳ್ಳುತ್ತಾರೆ ಎಂದು ಕೇಳಿ, ನೇರ ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಅವರು ಧಾರವಾಡದ ಕಡೆಯವರು.

"ದಾಖಲೆ ಅಕಿ ಹೆಸರ ಹೇಳ್ತೈತಲ್ಲೋ ತಮ್ಮಾ."

"ಹೆಸರು ಅವಳ್ದು ಸರ್, ಬೆರಳು ನಂದು. ಅದಕ್ಕೆ ಸ್ವಲ್ಪ ಮುಂಚೆ ಯಾರ ಖಾತೆ ಲಾಕ್ ಆಗಿದೆ ನೋಡಿ."

ನೋಡಿದರು. ಮುಖ ಮೆತ್ತಗಾಯಿತು. "ಹೋಗ್ಲಿ ಬಿಡು. ಕಿಟಕಿ ತೆರೆದಿತ್ತು, ಅವಸರದಾಗ ಕೈ ತಪ್ತು ಅಂತ ಬರಿ. ಇಬ್ರೂ ಉಳೀತೀರಿ."

"ಬರೆಯಲ್ಲ. ಕಿಟಕಿ ತಾನಾಗೇ ತೆರೆದಿರ್ಲಿಲ್ಲ, ಮುಚ್ಚದ ಹಾಗೆ ನಾನು ತೆರೆದಿಟ್ಟಿದ್ದೆ. ಆರು ಸಲ ಎಂಟರ್ ಒತ್ತಿದೀನಿ, ಬೇಕಂತಲೇ."

"ಬರೀ ಎಂಟರ್ ದಾಖಲಾಗಂಗಿಲ್ಲ. ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಹುಚ್ಚಪ್ಪಾ!"

"ನಂಗೆ ಗೊತ್ತಲ್ಲ ಸರ್."

ಹಾಗೆಯೇ ಬರೆದು ಸಹಿ ಹಾಕಿದೆ. ಅಕ್ಕನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಹೊಣೆ ಉಳಿಯಿತು. ನನ್ನ ಕೆಲಸ ಹೋಯಿತು. ಬಸ್ ನಿಲ್ದಾಣದವರೆಗೂ ಅವಳು ಬೈಯುತ್ತಲೇ ಬಂದಳು.

"ಯಾರು ಕೇಳಿದ್ರೋ ನಿನ್ನ?"

"ಯಾರೂ ಕೇಳ್ಲಿಲ್ಲ," ಎಂದೆ. "ಅದಕ್ಕೇ ಹೇಳ್ದೆ."