ತಲೆ ಎತ್ತು ಅನ್ನುವವರು

ನಮ್ಮನೆಯವರನ್ನು ಗಂಗಾವತಿಯ ಅರ್ಧ ಬಜಾರು ವಿನಯವಂತ ಎಂದು ಹೊಗಳುತ್ತದೆ, ಇನ್ನರ್ಧ ಸೊಕ್ಕಿನವ ಎಂದು ಬೈಯುತ್ತದೆ. ಎರಡಕ್ಕೂ ಕಾರಣ ಒಂದೇ. ಅವರ ಬೆನ್ನು ಮುಂದಕ್ಕೆ ಬಾಗಿದೆ, ಎದುರು ನಿಂತವರ ಮುಖದವರೆಗೆ ಕಣ್ಣು ಏರುವುದಿಲ್ಲ. ನಮ್ಮದು ಬೀಜ, ಗೊಬ್ಬರದ ಅಂಗಡಿ. ಬಂದ ಗಿರಾಕಿಗಳೆಲ್ಲ "ಸಾವಕಾರ್ರ, ತಲಿ ಎತ್ತಿ ಮಾತಾಡ್ರಿ" ಅನ್ನುವವರೇ. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅನ್ನುತ್ತದೆ.

ಮದುವೆಯಾದಾಗ ನಾನು ಅವರ ಕಿವಿಯವರೆಗೆ ಬರುತ್ತಿದ್ದೆ. ಈಗ ಇಬ್ಬರೂ ಒಂದೇ ಎತ್ತರ. "ನೀನ ಬೆಳದೀ ನೋಡು" ಎಂದು ಅವರು ಚೇಷ್ಟೆ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ. ಅಂಗಡಿಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಲು ಅವರು ಸ್ಟೂಲು ಹತ್ತತೊಡಗಿದ ಮೇಲೆ ನಗು ನಿಂತಿತು.

ಇಪ್ಪತ್ತೈದರ ಹರೆಯದಿಂದಲೇ ಬೆಳಗಿನ ಜಾವ ಅವರಿಗೆ ಸೊಂಟ ಹಿಡಿಯುತ್ತಿತ್ತು. ಎದ್ದು ಓಡಾಡಿದರೆ ಸಡಿಲ, ಮಲಗಿದರೆ ಮತ್ತೆ ಬಿಗಿ. ತೋರಿಸಿದ ಡಾಕ್ಟರುಗಳೆಲ್ಲ ಚೀಲ ಎತ್ತಿದ್ದಕ್ಕೆ ಬಂದ ನೋವು ಎಂದರು. ಸೊಂಟಕ್ಕೆ ಬೆಲ್ಟು ಕೊಟ್ಟರು, ಮಲಗಿಕೊಂಡೇ ಇರಲು ಹೇಳಿದರು. ಓಡಾಡಿದರೆ ಹಗುರಾಗುವ ನೋವಿಗೆ ಹಾಸಿಗೆಯ ಮದ್ದು! ಯಾವ ಹೊತ್ತಿನಲ್ಲಿ ನೋವು ಹೆಚ್ಚು ಎಂದು ಒಬ್ಬರಾದರೂ ಕೇಳಿದರೇ? ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಕೇಳಿದವರು ಕಣ್ಣಿನ ಡಾಕ್ಟರು. ಕಣ್ಣು ಕೆಂಪಾಗಿ, ಬೆಳಕು ನೋಡಲಾರದೆ ಕೊಪ್ಪಳಕ್ಕೆ ಹೋಗಿದ್ದೆವು. ಅವರು ಬೆನ್ನಿನ ವಿಚಾರ ಕೇಳಿ, ಎರಡಕ್ಕೂ ನಂಟಿರಬಹುದು ಎಂದು ಕೀಲುಬೇನೆಯ ಡಾಕ್ಟರ ಹತ್ತಿರ ಕಳಿಸಿದರು. ಕೀಲಿನ ಡಾಕ್ಟರು ನಮ್ಮನೆಯವರನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದರು. ಎಷ್ಟು ಪ್ರಯತ್ನಪಟ್ಟರೂ ತಲೆ ಗೋಡೆಗೆ ತಾಗಲಿಲ್ಲ. ನಡುವೆ ನನ್ನ ಅಂಗೈ ಅಡ್ಡಲಾಗಿ ಹಿಡಿಯುವಷ್ಟು ಜಾಗ ಉಳಿಯಿತು. ಆಮೇಲೆ ಎಕ್ಸ್‌ರೇ ನೋಡಿ ಹೇಳಿದರು:

"ಇದಕ್ಕ ಅಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತಾರ್ರೀ. ಬೆನ್ನಿನ ಮಣಿಗಳ ನಡುವ ಎಲುಬು ಬೆಳದು ಒಂದಕ್ಕೊಂದು ಕೂಡ್ಯಾವ. ಬೆನ್ನು ಬಾಗಿದ್ದಕ್ಕ ಎತ್ತರ ಕಡಿಮಿ ಆಗೈತಿ. ಔಷಧ, ವ್ಯಾಯಾಮದಿಂದ ಇನ್ನ ಬಾಗೂದನ್ನ ತಡಿಯಾಕ ನೋಡೂಣು. ಕೂಡಿದ್ದು ಮಾತ್ರ ಮತ್ತ ಬಿಡೂದಿಲ್ಲ. ಒಂದು ಮಾತು ನೆನಪಿಡ್ರಿ, ಬೆನ್ನು ಯಾರಿಗೂ ಒತ್ತಾಕ, ತುಳಿಯಾಕ ಕೊಡಬ್ಯಾಡ್ರಿ. ಬಿಗಿ ಐತಿ ಖರೆ, ಗಟ್ಟಿ ಇಲ್ಲ. ಮುರದರ ಕೈಕಾಲಿನ ಶಕ್ತಿನ ಹೋಗಬಹುದು."

ಈ ಮಾತು ಕೇಳಿ ಬಂದು ವಾರವಾಗಿರಲಿಲ್ಲ. ಯಲಬುರ್ಗಾದಿಂದ ನಮ್ಮನೆಯವರ ಅಕ್ಕ ಬಸ್ಸಿಳಿದು ಬಂದರು. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಕಾಲಿಂದ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ. ಅವರ ಓಣಿಯಲ್ಲಿ ಯಾರಿಗೆ ಉಳುಕಿದರೂ ಅವರ ಕಾಲೇ ಔಷಧ.

"ತಮ್ಮಾ, ಬೋರಲು ಮಲಕೋ" ಎಂದರು.

ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ. ಎದುರಾಡಿ ಗೊತ್ತಿಲ್ಲದ ಈ ಮಹಾರಾಯರು ಅಂಗಿ ಕಳಚಿ ಚಾಪೆಯ ಮೇಲೆ ಇಳಿದೇಬಿಟ್ಟರು! ಬೆನ್ನು ಬಾಗಿದ್ದರಿಂದ ಚಪ್ಪಟೆ ಮಲಗಲೂ ಆಗದೆ, ಎದೆಯ ಕೆಳಗೆ ದಿಂಬು ಹುಡುಕುತ್ತಿದ್ದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ನಾನು ಚಾಪೆಗೆ ಅಡ್ಡ ನಿಂತೆ.

"ಅಕ್ಕಾರ, ಕಾಲಿಡಬ್ಯಾಡ್ರಿ. ಮುರೀತೈತಿ ಅಂತ ಡಾಕ್ಟರ್ ಹೇಳ್ಯಾರ."

"ಆ ಡಾಕ್ಟರ್ ಹುಟ್ಟೂಕ್ಕಿಂತ ಮೊದಲ ನನ್ನ ಕಾಲು ಹುಟ್ಟ್ಯಾವ. ಸರಿ ಅತ್ತಾಗ. ನೆಟ್ಟಗ ನಿಂದ್ರಾಕ ಇವಂಗ ಮನಸ್ಸ ಇಲ್ಲ. ಹರೇದಾಗಿಂದ ಬೈಕೋಂತ ಬಂದೀನಿ, ತಲಿ ಎತ್ತು, ತಲಿ ಎತ್ತು ಅಂತ."

"ಮನಸ್ಸಿಗೆ ಏನಾಗಿಲ್ರಿ, ಎಲುಬು ಕೂಡ್ಯಾವ! ತುಳೀಬೇಕಂದ್ರ ಮೊದಲ ನನ್ನ ತುಳೀರಿ" ಎಂದು ನಾನೂ ಕೂಗಿದೆ. ದೊಡ್ಡವರ ಮುಂದೆ ಹಾಗೆ ಕೂಗಬಾರದಿತ್ತು ಎಂದು ಆಮೇಲೆ ಸಂಬಂಧಿಕರು ಹೇಳಿದರು. ಹೇಳಲಿ. ಇವರ ಬೆನ್ನು ಮುರಿದಿದ್ದರೆ ಈ ಸಂಬಂಧಿಕರು ಎತ್ತಿ ಕೂರಿಸಲು ಬರುತ್ತಿದ್ದರೇ?

ಗದ್ದಲದ ನಡುವೆ ಇವರು ಗೋಡೆ ಹಿಡಿದು ಮೆಲ್ಲಗೆ ಎದ್ದರು. ಅಂಗಿ ಹಾಕಿಕೊಂಡು ಅಕ್ಕನ ಎದುರು ನಿಂತರು. ಕಣ್ಣು ಅಕ್ಕನ ಸೆರಗಿನವರೆಗೆ ಮಾತ್ರ ಏರಿತು.

"ಅಕ್ಕಾ, ನಾ ಒಲ್ಲೆ. ನೀ ಒಂದೀಟು ಕೆಳಗ ಕುಂದ್ರು."

"ಯಾಕೋ?"

"ಕುಂದ್ರಬೇ."

ಅವರು ಗೊಣಗುತ್ತಲೇ ಚಾಪೆಯ ಮೇಲೆ ಕೂತರು. ಇವರು ನಿಂತೇ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದರು.

"ನಿನ್ನ ಮುಂದಿನ ಹಲ್ಲು ಯಾವಾಗ ಬಿದ್ದುವು, ಅಕ್ಕಾ?" ಎಂದು ಕೇಳಿದರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಆ ಹಲ್ಲು ಬಿದ್ದು ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ಅವರು ಪ್ರತಿ ಹಬ್ಬಕ್ಕೆ ಬಂದು, ಇವರ ಎದುರು ನಿಂತೇ ಬೈದು ಹೋಗಿದ್ದರು.